ಏಳು ದಿನ, ಏಳು ಕುಳಿ: ಅಜ್ಜಿಗೆ ವಾರದ ಮಾತ್ರೆ ಡಬ್ಬಿ ಕಲಿಸುವುದು

ಪ್ರಶ್ನೆ: ನಮ್ಮ ಅಜ್ಜಿಗೆ 72 ವರ್ಷ. ತಾತ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇದ್ದಾರೆ. ಬಿಪಿ, ಶುಗರ್ ಎರಡೂ ಇದೆ. ಓದೋಕೆ ಬರಲ್ಲ. ಮಾತ್ರೆ ತಪ್ಪಿಸ್ತಾರೆ ಅಂತ ವಾರದ ಮಾತ್ರೆ ಡಬ್ಬಿ ತಂದುಕೊಟ್ಟೆ, ಒಂದೇ ವಾರಕ್ಕೆ ಮೂಲೆ ಸೇರಿತು. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಕಲಿಸಬಹುದಾ? ಹೇಗೆ ಕಲಿಸಬೇಕು?

ಉತ್ತರ: ಖಂಡಿತ ಕಲಿಸಬಹುದು. ಆದರೆ ಡಬ್ಬಿ ತುಂಬುವುದಕ್ಕೆ ಮುಂಚೆ ಒಂದು ಕೆಲಸ ಇದೆ. ಅದನ್ನು ಬಿಟ್ಟರೆ ಡಬ್ಬಿಯಿಂದಲೇ ಅಪಾಯ ಆಗಬಹುದು. ನಾನು ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗಿದ್ದಾಗ ಇದನ್ನು ಒಬ್ಬ ಅಜ್ಜಿಯಿಂದ, ಅವರಿಗೆ ಡಬ್ಬಿ ಕಲಿಸಿದ ಆಶಾ ಒಬ್ಬರಿಂದ ಕಲಿತೆ. ನಿಮಗೆ ಆ ಕತೆಯನ್ನೇ ಹೇಳುತ್ತೇನೆ. ಊರು, ಹೆಸರು ಬೇಡ.

ಅಜ್ಜಿಗೆ ಎಪ್ಪತ್ತರ ಆಸುಪಾಸು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗ ಬೆಂಗಳೂರಿನಲ್ಲಿ. ತೆಂಗಿನ ತೋಟದ ಪಕ್ಕದ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಕೇಂದ್ರದಿಂದ ಅವರಿಗೆ ಮೂರು ಥರದ ಮಾತ್ರೆ ಹೋಗುತ್ತಿತ್ತು. ಬಿಪಿಗೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್. ಮೆಟ್‌ಫಾರ್ಮಿನ್ ಮಾತ್ರ ಎರಡು ಹೊತ್ತು, ಉಳಿದೆರಡು ಬೆಳಗ್ಗೆ. ಪ್ರತಿ ತಿಂಗಳು ನೋಡಿದಾಗಲೂ ಬಿಪಿ ಜಾಸ್ತಿ, ಸಕ್ಕರೆ ಜಾಸ್ತಿ. ನಾನು ಎರಡು ಸಲ ಮಾತ್ರೆ ಏರಿಸಿದೆ. ಆಮ್ಲೋಡಿಪಿನ್ 5 ಮಿ.ಗ್ರಾಂ ಇದ್ದದ್ದು 10 ಆಯಿತು, ಗ್ಲಿಮಿಪಿರೈಡ್ 1 ಇದ್ದದ್ದು 2 ಆಯಿತು. "ಸರಿಯಾಗಿ ತಗೋತಿದ್ದೀರಾ ಅಜ್ಜಿ?" ಅಂತ ಕೇಳಿದ್ದೆ. "ತಗೋತಿದೀನಿ ಕಣವ್ವ" ಅಂದಿದ್ದರು. ನಾನು ಅಷ್ಟಕ್ಕೇ ಬಿಟ್ಟೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಆ ಊರಿನ ಆಶಾ ಹಾಗೆ ಬಿಡಲಿಲ್ಲ. ಮನೆಗೆ ಹೋದವರು ಮಾತ್ರೆ ತಗೊಂಡ್ರಾ ಅಂತ ಕೇಳಲೇ ಇಲ್ಲ. "ಅಜ್ಜಿ, ಮನೇಲಿರೋ ಮಾತ್ರೆ ಎಲ್ಲಾ ಒಂದ್ಸಲ ತನ್ನಿ, ನಾನೂ ನೋಡ್ತೀನಿ" ಅಂದರು. ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರ್ ಬಂತು. ಅದರ ಜೊತೆ ಎಲೆಅಡಿಕೆ ಚೀಲವೂ ಬಂತು. ಚೀಲದ ಒಳಗೆ ಸುಣ್ಣದ ಡಬ್ಬಿಯ ಪಕ್ಕ ಎಂಟು ಹತ್ತು ಬಿಡಿ ಮಾತ್ರೆಗಳು, ಒಂದೆರಡಕ್ಕೆ ಸುಣ್ಣ ಮೆತ್ತಿಕೊಂಡಿತ್ತು. ಆಶಾ ಚಾಪೆ ಮೇಲೆ ಎಲ್ಲವನ್ನೂ ಹರಡಿ ಎಣಿಸಿದರು. ಹಿಂದಿನ ಸಲ ಮಾತ್ರೆ ಕೊಟ್ಟು 28 ದಿನ ಆಗಿತ್ತು. ಮೆಟ್‌ಫಾರ್ಮಿನ್ ಕೊಟ್ಟಿದ್ದು 60. ಸರಿಯಾಗಿ ತಗೊಂಡಿದ್ದರೆ 4 ಉಳಿಯಬೇಕಿತ್ತು, ಉಳಿದದ್ದು 37. ಗ್ಲಿಮಿಪಿರೈಡ್ 30ರಲ್ಲಿ 2 ಉಳಿಯುವ ಬದಲು 19 ಉಳಿದಿತ್ತು. ಅಂದರೆ ಅಜ್ಜಿ ಐದು ಮಾತ್ರೆಗೆ ಎರಡರಂತೆ ನುಂಗುತ್ತಿದ್ದರು. ನಾನು ಮಾತ್ರ ಐದೂ ಹೊಟ್ಟೆಗೆ ಹೋಗುತ್ತಿದೆ ಅಂದುಕೊಂಡು ಇನ್ನಷ್ಟು ಏರಿಸಿದ್ದೆ.

ಆಶಾ ಬೈಯಲಿಲ್ಲ. "ಯಾವಾಗ ತಗೋತೀರಾ ಅಜ್ಜಿ?" ಅಂತ ಕೇಳಿದರು. ಅಜ್ಜಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ತಲೆ ಭಾರ ಅನ್ನಿಸಿದ ದಿನ ಬಿಪಿ ಮಾತ್ರೆ. ಮದುವೆ ಮನೆಯಲ್ಲೋ ಹಬ್ಬದಲ್ಲೋ ಸಿಹಿ ತಿಂದರೆ ಸಕ್ಕರೆ ಮಾತ್ರೆ. ಬೇಜಾರಾದ ದಿನ ಯಾವುದೂ ಇಲ್ಲ. "ನಮ್ಮೆಜಮಾನ್ರು ಇದ್ದಾಗ ಕಾಫಿ ಲೋಟದ ಜೊತೆ ಅಂಗೈ ಮೇಲಿಡೋರು. ನಾನು ಯಾವುದು ಏನು ಅಂತ ಒಂದಿನಾನೂ ನೋಡಿಲ್ಲ ಕಣವ್ವ." ಅಷ್ಟು ವರ್ಷ ಮಾತ್ರೆ ನೋಡಿಕೊಂಡದ್ದು ತಾತ. ಅವರು ಹೋದ ಮೇಲೆ ಆ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ. ನಿಮ್ಮ ಅಜ್ಜಿಯ ವಿಷಯದಲ್ಲೂ ಇದನ್ನೊಮ್ಮೆ ಯೋಚಿಸಿ. ಇದು ಮರೆವಲ್ಲದೆಯೂ ಇರಬಹುದು.

ಮಗ ಕಳಿಸಿದ್ದ ಡಬ್ಬಿ ಅಲ್ಲೇ ಗೂಡಿನಲ್ಲಿತ್ತು. ಎರಡು ಸಾಲು, ಸಾಲಿಗೆ ಏಳು ಕುಳಿ, ಒಟ್ಟು ಹದಿನಾಲ್ಕು. ಮೇಲಿನ ಸಾಲಿಗೆ ಸೂರ್ಯ, ಕೆಳಗಿನದಕ್ಕೆ ಚಂದ್ರ. ಮುಚ್ಚಳದ ಮೇಲೆ ವಾರಗಳ ಇಂಗ್ಲಿಷ್ ಮೊದಲಕ್ಷರ. ಭಾನುವಾರಕ್ಕೂ ಶನಿವಾರಕ್ಕೂ ಒಂದೇ ಅಕ್ಷರ, ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ. ಓದಲು ಬರುವವರಿಗೇ ಗೊಂದಲ, ಇನ್ನು ಅಜ್ಜಿಯ ಗತಿ?

ಆಶಾ ಮೊದಲ ದಿನ ಮಾತ್ರೆ ಮುಟ್ಟಲಿಲ್ಲ. ಅಡಿಗೆಮನೆಯಿಂದ ಹೆಸರುಕಾಳು, ಕಡ್ಲೆಬೇಳೆ, ಅವರೆಕಾಳು ತರಿಸಿದರು. ಹೆಸರುಕಾಳು ಬಿಪಿ ಮಾತ್ರೆ, ಉಳಿದೆರಡು ಸಕ್ಕರೆ ಮಾತ್ರೆ ಅಂತ ಇಟ್ಟುಕೊಂಡು "ನೀವೇ ತುಂಬಿ ಅಜ್ಜಿ" ಅಂದರು. ಅಜ್ಜಿ ಒಂದು ಕುಳಿ ತುಂಬ ಹೆಸರುಕಾಳು ಸುರಿದರು, ಇನ್ನೊಂದರಲ್ಲಿ ಕಡ್ಲೆಬೇಳೆ, ಮತ್ತೊಂದರಲ್ಲಿ ಅವರೆ. "ಒಗ್ಗರಣೆ ಡಬ್ಬಿ ಥರ ಅಲ್ವಾ?" ಅಂದರು. ಸರಿಯೇ ಅಲ್ಲವೇ? ಐವತ್ತು ವರ್ಷದಿಂದ ಅವರ ಕೈಗೆ ಗೊತ್ತಿರುವ ಕುಳಿಗಳ ಡಬ್ಬಿ ಅದೊಂದೇ. ಸಾಸಿವೆಗೊಂದು, ಜೀರಿಗೆಗೊಂದು.

ಕಾಳಿನಲ್ಲಿ ಮಾಡಿಸಿದ್ದರಿಂದ ಈ ತಪ್ಪು ಅಲ್ಲೇ ಸಿಕ್ಕಿಬಿತ್ತು. ಬಾಯಲ್ಲಿ ಹೇಳಿ ತಲೆ ಆಡಿಸಿಕೊಂಡು ಬಂದಿದ್ದರೆ ಸಿಗುತ್ತಿರಲಿಲ್ಲ. ಆಶಾ ಸ್ವಲ್ಪ ಯೋಚಿಸಿ ಹೇಳಿದರು: "ಅಜ್ಜಿ, ಇದು ಒಗ್ಗರಣೆ ಡಬ್ಬಿ ಅಲ್ಲ. ಒಂದೊಂದು ಕುಳೀನೂ ಒಂದೊಂದು ಹೊತ್ತಿನ ಊಟದ ತಟ್ಟೆ. ತಟ್ಟೇಲಿ ಮುದ್ದೆ, ಸಾರು, ಪಲ್ಯ ಎಲ್ಲಾ ಇರುತ್ತಲ್ಲ, ಹಂಗೆ. ಬೆಳಗ್ಗೆ ತಟ್ಟೇಲಿ ಮೂರೂ ಥರ. ರಾತ್ರಿ ತಟ್ಟೇಲಿ ಒಂದೇ." ಅಜ್ಜಿ ಕಾಳನ್ನೆಲ್ಲ ಮೊರಕ್ಕೆ ಸುರಿದು ಮತ್ತೆ ಹಾಕಿದರು. ಎರಡನೇ ಸಲ ಒಂದು ಕುಳಿಯಲ್ಲಿ ಅವರೆ ಬಿಟ್ಟಿದ್ದರು, ಮೂರನೇ ಸಲ ಎಲ್ಲ ಸರಿಯಾಯಿತು.

ಮುಚ್ಚಳ ಇನ್ನೊಂದು ತೊಡಕು. ಅಜ್ಜಿಯ ಹೆಬ್ಬೆರಳಿನ ಗಂಟು ಊದಿತ್ತು, ಉಗುರಿನಿಂದ ಎತ್ತಲು ಆಗುತ್ತಿರಲಿಲ್ಲ. ಚಮಚದ ಹಿಡಿಯಿಂದ ಎತ್ತುವುದನ್ನು ಅವರೇ ಕಂಡುಕೊಂಡರು. ಗುರುತು ಹಾಕುವಾಗ ಒಂದು ಸಣ್ಣ ಘಟನೆ ಆಯಿತು. ಆಶಾ ತಮ್ಮ ಬ್ಯಾಗಿನಿಂದ ಕೆಂಪು ಬಿಂದಿಯ ಪಟ್ಟಿ ತೆಗೆದು ಮುಚ್ಚಳಕ್ಕೆ ಅಂಟಿಸಲು ಹೋದರು. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡು "ಅದು ನಂಗ್ಯಾಕವ್ವ ಈಗ" ಅಂದರು. ಆಶಾ ಏನೂ ಹೇಳದೆ ಪಟ್ಟಿಯನ್ನು ಒಳಗಿಟ್ಟರು. ಪಲ್ಸ್ ಪೋಲಿಯೋ ದಿನ ಮಕ್ಕಳ ಕಿರುಬೆರಳಿಗೆ ಗುರುತು ಹಾಕುತ್ತಾರಲ್ಲ, ಆ ಮಾರ್ಕರ್ ಪೆನ್ನು ತೆಗೆದು ಗುರುವಾರದ ಮುಚ್ಚಳದ ಮೇಲೆ ಒಂದು ಚೀಲದ ಚಿತ್ರ ಬರೆದರು. ಗುರುವಾರ ಆ ಹೋಬಳಿಯ ಸಂತೆ. ಅಜ್ಜಿಗೆ ವಾರ ಶುರುವಾಗುವುದು ಸಂತೆಯಿಂದ, ಭಾನುವಾರದಿಂದ ಅಲ್ಲ.

ಆ ಗುರುವಾರ ನಿಜವಾದ ಮಾತ್ರೆ ತುಂಬಿದರು. ಅಜ್ಜಿ ತುಂಬಿದರು, ಆಶಾ ನೋಡುತ್ತಾ ಕುಳಿತರು. ಮುಂದಿನ ಗುರುವಾರ ಬಂದು ಡಬ್ಬಿ ತೆರೆದರೆ ಏಳು ಕುಳಿ ಖಾಲಿ, ಏಳು ಕುಳಿ ಭರ್ತಿ. ಮೇಲಿನ ಸಾಲಿನಲ್ಲಿ ಗುರುವಾರ, ಶುಕ್ರವಾರ, ಶನಿವಾರ ಖಾಲಿ. ಕೆಳಗಿನ ಸಾಲಿನಲ್ಲಿ ಬುಧವಾರದಿಂದ ಶನಿವಾರದವರೆಗೆ ನಾಲ್ಕು ಖಾಲಿ. ಆಶಾಗೆ ತಲೆಬುಡ ಗೊತ್ತಾಗಲಿಲ್ಲ. ಬೆಳಗಿನ ಮಾತ್ರೆ ಮೂರೇ ದಿನ ತಗೊಂಡು ರಾತ್ರಿಯದು ನಾಲ್ಕು ದಿನ ತಗೊಂಡರಾ?

ಅಜ್ಜಿಗೆ ಬೇಜಾರಾಯಿತು. "ಏಳು ದಿನ, ಏಳು ಕುಳಿ. ಒಂದಿನಾನೂ ತಪ್ಪಿಸಿಲ್ಲ ಕಣವ್ವ. ಮಣೆ ಆಡ್ದಂಗೆ ಆಡಿದೀನಿ" ಅಂದರು.

ಅಳಗುಳಿ ಮಣೆ! ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು ಹದಿನಾಲ್ಕು. ಹುಣಸೆ ಬೀಜ ಹಾಕುತ್ತಾ ಹೋಗಿ ಸಾಲು ಮುಗಿದರೆ ಕೆಳಗಿನ ಸಾಲಿಗೆ ಇಳಿದು ತಿರುಗಿ ಬರಬೇಕು. ಅಜ್ಜಿ ಹಾಗೇ ಮಾಡಿದ್ದರು. ಗುರುವಾರದ ಚೀಲದ ಗುರುತಿನಿಂದ ಹೊರಟು ಶನಿವಾರಕ್ಕೆ ಸಾಲಿನ ಕೊನೆ ಮುಟ್ಟಿದರು. ಭಾನುವಾರ ಕೆಳಗಿಳಿದು ಶನಿವಾರದ ರಾತ್ರಿ ಕುಳಿ ತೆರೆದರು. ಸೋಮವಾರ ಶುಕ್ರವಾರದ್ದು, ಮಂಗಳವಾರ ಗುರುವಾರದ್ದು, ಬುಧವಾರ ಬುಧವಾರದ್ದು. ದಿನಕ್ಕೊಂದೇ ಕುಳಿ, ಬೆಳಗ್ಗೆ ಮಾತ್ರ. ಅವರ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಚಿಕ್ಕಂದಿನಿಂದ ಆಡಿದ ಮಣೆಯ ನಿಯಮ ನಮ್ಮ ಸೂರ್ಯ ಚಂದ್ರರ ಚಿತ್ರಕ್ಕಿಂತ ಗಟ್ಟಿಯಾಗಿತ್ತು. ಕಾಳಿನ ಪಾಠದಲ್ಲಿ ತುಂಬುವುದನ್ನು ಮಾಡಿಸಿದ್ದೆವು, ತೆಗೆಯುವುದನ್ನು ಮಾಡಿಸಿರಲಿಲ್ಲ. ಅದಕ್ಕೇ ನಾನು ಈಗ ಹೇಳುವುದು: ತುಂಬಿಸಿದ ಮೇಲೆ "ಇವತ್ತು ಬೆಳಗ್ಗೆ ಯಾವುದು? ರಾತ್ರಿ ಯಾವುದು? ನಾಳೆ ಯಾವುದು?" ಅಂತ ಬೆರಳಿಟ್ಟು ತೋರಿಸಲು ಹೇಳಿ. ಮೂರು ನಾಲ್ಕು ದಿನದ್ದನ್ನು ತೋರಿಸಿದರೆ ಅವರ ಮನಸ್ಸಿನ ದಾರಿ ನಿಮಗೆ ಕಾಣುತ್ತದೆ.

ಆಶಾ ಅಜ್ಜಿಯ ನಿಯಮ ಬದಲಿಸಲು ಹೋಗಲಿಲ್ಲ. ಡಬ್ಬಿಯನ್ನೇ ಬದಲಿಸಿದರು. ಎರಡು ಪಟ್ಟಿ ಜೋಡಿಸಿ ಮಾಡಿದ ಡಬ್ಬಿ ಅದು. ಚಾಕು ತೂರಿಸಿ ಎರಡೂ ಪಟ್ಟಿ ಬೇರೆ ಮಾಡಿದರು. ಬೆಳಗಿನ ಪಟ್ಟಿ ಕಾಫಿ ಲೋಟ ಇಡುವ ಜಾಗದ ಮೇಲಿನ ಗೂಡಿಗೆ ಹೋಯಿತು. ರಾತ್ರಿಯದು ನಡುಮನೆಯಲ್ಲಿ ಹಾಸಿಗೆ ಪಕ್ಕದ ಗೂಡಿಗೆ. ಎರಡೂ ಒಲೆಯ ಬಿಸಿ ತಾಗದ, ಪಕ್ಕದ ಮನೆಯ ಮಗುವಿನ ಕೈಗೆಟುಕದ ಜಾಗ. ಈ ಕೊನೆಯದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಈ ಡಬ್ಬಿಗಳನ್ನು ಮಕ್ಕಳು ಸುಲಭವಾಗಿ ತೆರೆಯುತ್ತಾರೆ. ಗ್ಲಿಮಿಪಿರೈಡ್ ಥರದ ಮಾತ್ರೆ ಒಂದೇ ಒಂದು ಸಾಕು, ಪುಟ್ಟ ಮಗುವಿನ ಜೀವಕ್ಕೆ ಅಪಾಯ ಆಗಬಹುದು.

ಪಟ್ಟಿ ಬೇರೆಯಾದ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಪೂರ್ತಿ ಮರೆತುಬಿಟ್ಟರು. ಮೊದಲ ಕುಳಿಯೇ ಸಂತೆ ದಿನ, ಅದರ ಮೇಲೆ ಚೀಲ. ಅಲ್ಲಿಂದ ಒಂದೇ ದಿಕ್ಕಿನಲ್ಲಿ ಏಳು, ತಿರುಗುವುದೇ ಬೇಡ. ಮಾತ್ರೆ ತಗೊಂಡ ಮೇಲೆ ಮುಚ್ಚಳ ಮುಚ್ಚಬಾರದು, ತೆರೆದೇ ಇರಲಿ. ಮುಚ್ಚಿರುವ ಮೊದಲ ಕುಳಿ ಯಾವುದೋ ಅದೇ ಮುಂದಿನ ದಿನದ್ದು. ಆಗ ಇವತ್ತು ಯಾವ ವಾರ ಅಂತ ನೆನಪಿಡುವ ಕೆಲಸವೂ ಕಮ್ಮಿಯಾಗುತ್ತದೆ, ತಗೊಂಡೆನೋ ಇಲ್ಲವೋ ಅನ್ನುವ ಅನುಮಾನವೂ ಬರುವುದಿಲ್ಲ.

ಇದರಲ್ಲಿ ಒಂದು ತೂತು ಇದೆ. ಒಂದು ದಿನ ತಪ್ಪಿದರೆ ಅಜ್ಜಿಗೆ ಗೊತ್ತಾಗುವುದಿಲ್ಲ. ಮುಂದಿನ ದಿನ ಹಿಂದಿನ ದಿನದ ಕುಳಿ ತೆರೆದು ಹಾಗೇ ಒಂದು ದಿನ ಹಿಂದೆ ಬಿದ್ದು ನಡೆಯುತ್ತಾರೆ. ಅದಕ್ಕೆ ನಡುವೆ ಒಂದು ಮೈಲಿಗಲ್ಲು ಬೇಕಿತ್ತು. ಅಜ್ಜಿ ಸೋಮವಾರ ಈಶ್ವರನ ಗುಡಿಗೆ ಹೋಗುವವರು, ಆ ವಾರ ಅವರು ಮರೆಯುವುದೇ ಇಲ್ಲ. ಐದನೇ ಕುಳಿಯ ಮೇಲೆ ಆಶಾ ಮೂರೆಸಳಿನ ಬಿಲ್ವಪತ್ರೆ ಬರೆದರು. ಸೋಮವಾರ ಬೆಳಗ್ಗೆ ಪತ್ರೆಯ ಕುಳಿಗಿಂತ ಹಿಂದಿನದು ಮುಚ್ಚಿದ್ದರೆ ಯಾವುದೋ ದಿನ ತಪ್ಪಿದೆ ಅಂತ ಅರ್ಥ. ತಪ್ಪಿದ್ದನ್ನು ಸೇರಿಸಿ ಎರಡು ದಿನದ್ದು ಒಟ್ಟಿಗೆ ನುಂಗಬಾರದು, ಅದನ್ನು ಹಾಗೇ ಬಿಟ್ಟು ಪತ್ರೆಯ ಕುಳಿ ತೆರೆಯಬೇಕು. ಇದನ್ನು ಆಶಾ ಹತ್ತು ಸಲ ಹೇಳಿದರು, ಹತ್ತು ಸಲ ಹೇಳಿಸಿದರು.

ಎರಡನೇ ವಾರ ಡಬ್ಬಿ ಚೆನ್ನಾಗಿ ನಡೆಯಿತು. ಗುರು, ಶುಕ್ರ, ಶನಿ, ಭಾನು, ಎರಡು ಹೊತ್ತೂ ತಪ್ಪಲಿಲ್ಲ. ಸೋಮವಾರ ಬೆಳಗ್ಗೆ ಪತ್ರೆಯ ಕುಳಿ ತೆರೆದು ಮಾತ್ರೆ ನುಂಗಿದರು. ಹನ್ನೊಂದು ಗಂಟೆ ಹೊತ್ತಿಗೆ ಪಕ್ಕದ ಮನೆಯಾಕೆ ಆಶಾಗೆ ಫೋನ್ ಮಾಡಿದರು. ಅಜ್ಜಿ ಜಗುಲಿ ಮೇಲೆ ಕೂತಿದ್ದಾರೆ, ರವಿಕೆ ಬೆವರಿನಲ್ಲಿ ತೊಯ್ದಿದೆ, ಕೈ ನಡುಗುತ್ತಿದೆ, ಕರೆದರೆ ಏನೇನೋ ಮಾತಾಡುತ್ತಾರೆ.

ಆಶಾ ಓಡಿ ಬಂದರು. ರಕ್ತದ ಸಕ್ಕರೆ ತೀರಾ ಇಳಿದಿದೆ ಅನ್ನಿಸಿತು. ರಕ್ತ ಪರೀಕ್ಷೆಯ ಮೀಟರ್ ಅವರ ಹತ್ತಿರ ಇರಲಿಲ್ಲ, ಅದಕ್ಕಾಗಿ ಕಾಯಲೂ ಇಲ್ಲ. ಎಚ್ಚರ ಇದೆ, ನುಂಗುತ್ತಾರೆ ಅಂತ ನೋಡಿಕೊಂಡು ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕಲಸಿ ಕುಡಿಸಿದರು. ಅಷ್ಟರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಮೀಟರ್ ತಂದರು. ಸಕ್ಕರೆ ನೀರು ಕುಡಿದ ಮೇಲೂ 58. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದಾಗ 84. ಆಮೇಲೆ ಅನ್ನ ಉಣ್ಣಿಸಿ ಆಟೋದಲ್ಲಿ ನಮ್ಮ ಕೇಂದ್ರಕ್ಕೆ ಕರೆತಂದರು. ಇಂಥ ಹೊತ್ತಿನಲ್ಲಿ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಗ್ಲಿಮಿಪಿರೈಡ್‌ನಿಂದ ಇಳಿದ ಸಕ್ಕರೆ ಒಮ್ಮೆ ಏರಿದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಅದಕ್ಕೇ ಅಜ್ಜಿಯನ್ನು ಸಂಜೆವರೆಗೂ ನಮ್ಮಲ್ಲೇ ಇಟ್ಟುಕೊಂಡು ಆಗಾಗ ನೋಡುತ್ತಿದ್ದೆವು. ರಾತ್ರಿ ಪಕ್ಕದ ಮನೆಯಾಕೆ ಅವರ ಜೊತೆ ಮಲಗಿದರು.

ಹೀಗೆ ಯಾಕಾಯಿತು? ಆ ಮಧ್ಯಾಹ್ನ ಆಶಾ ತಮ್ಮ ಡೈರಿ ತೆಗೆದು ನನ್ನ ಮುಂದಿಟ್ಟರು. 60ರಲ್ಲಿ 37, 30ರಲ್ಲಿ 19. ಆ ಎಣಿಕೆ ನನಗೆ ಮುಖ್ಯ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಐದಕ್ಕೆ ಎರಡು ಮಾತ್ರೆ ನುಂಗುತ್ತಿದ್ದವರಿಗೆ ನಾನು ಬರೆದಿದ್ದ ಪ್ರಮಾಣ ಜಾಸ್ತಿಯೇ ಇತ್ತು. ಅವರು ಪೂರ್ತಿ ನುಂಗದೆ ಇದ್ದದ್ದರಿಂದ ಅದು ಕಾಣುತ್ತಿರಲಿಲ್ಲ. ಡಬ್ಬಿ ಬಂದು ಎಲ್ಲ ಮಾತ್ರೆ ಸರಿಯಾಗಿ ಒಳಗೆ ಹೋಗತೊಡಗಿದ ಮೇಲೆ ಅಷ್ಟೂ ಪ್ರಮಾಣ ಒಮ್ಮೆಲೇ ಮೈಮೇಲೆ ಬಿತ್ತು. ಮೊದಲ ವಾರದ ಗುರುವಾರದಿಂದ ಶನಿವಾರ ಪೂರ್ತಿ ಬೆಳಗಿನ ಮಾತ್ರೆ ತಗೊಂಡಿದ್ದರಲ್ಲ, ಆಗಲೇ ಎದ್ದು ನಿಂತರೆ ತಲೆ ತಿರುಗುತ್ತೆ ಅಂದಿದ್ದರಂತೆ. ವಯಸ್ಸಾಯ್ತಲ್ಲ ಅಂತ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಭಾನುವಾರದಿಂದ ಮಣೆ ಆಟದ ದಾರಿಯಲ್ಲಿ ರಾತ್ರಿ ಕುಳಿಗಳ ಮೆಟ್‌ಫಾರ್ಮಿನ್ ಮಾತ್ರ ತಗೊಂಡಿದ್ದರಿಂದ ಮೊದಲ ಸೋಮವಾರ ತಪ್ಪಿಸಿಕೊಂಡಿದ್ದರು.

ಸೋಮವಾರದ್ದು ಇನ್ನೊಂದು ಕಾರಣ. ಅವತ್ತು ಅಜ್ಜಿಗೆ ಒಪ್ಪತ್ತು. ಬೆಳಗ್ಗೆ ಒಂದು ಲೋಟ ಕಾಫಿ, ಆಮೇಲೆ ಸಂಜೆ ದೀಪ ಹಚ್ಚಿದ ಮೇಲೇ ಊಟ. ಗ್ಲಿಮಿಪಿರೈಡ್ ಊಟದ ಜೊತೆ ತಗೊಳ್ಳಬೇಕಾದ ಮಾತ್ರೆ. ಊಟ ಇರಲಿ ಬಿಡಲಿ, ಅದು ಸಕ್ಕರೆ ಇಳಿಸುತ್ತದೆ. ಡಬ್ಬಿಗೆ ಒಪ್ಪತ್ತು ಗೊತ್ತಿಲ್ಲ, ಏಳು ಕುಳಿಯೂ ಅದಕ್ಕೆ ಒಂದೇ. ಆಶಾ ಬಿಲ್ವಪತ್ರೆ ಬರೆದಾಗ ಸೋಮವಾರ ಅಜ್ಜಿ ಏನು ತಿನ್ನುತ್ತಾರೆ ಅಂತ ಕೇಳುವುದು ಯಾರಿಗೂ ಹೊಳೆಯಲಿಲ್ಲ.

ನಾನು ಗ್ಲಿಮಿಪಿರೈಡ್ ನಿಲ್ಲಿಸಿದೆ. ಒಂಟಿಯಾಗಿರುವ, ವಾರಕ್ಕೊಮ್ಮೆ ಒಪ್ಪತ್ತು ಮಾಡುವ ಅಜ್ಜಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ, ಇಳಿದು ಜಗುಲಿ ಮೇಲೆ ಬೀಳಬಾರದು. ಆಮ್ಲೋಡಿಪಿನ್ 10ರಿಂದ ಮತ್ತೆ 5ಕ್ಕೆ ತಂದೆ. ಮೆಟ್‌ಫಾರ್ಮಿನ್ ಹಾಗೇ ಇಟ್ಟೆ, ಎರಡು ಹೊತ್ತು ಊಟದ ಜೊತೆ. ಸೋಮವಾರ ಬೆಳಗ್ಗೆ ಪತ್ರೆಯ ಕುಳಿಯಲ್ಲಿ ಬಿಪಿ ಮಾತ್ರೆ ಒಂದೇ, ಸಂಜೆ ಊಟದ ಜೊತೆ ರಾತ್ರಿ ಪಟ್ಟಿಯ ಮೆಟ್‌ಫಾರ್ಮಿನ್. ಬೇರೆ ದಿನ ಬೆಳಗಿನ ತಟ್ಟೆಯಲ್ಲಿ ಎರಡು ಥರ. ಎರಡು ವಾರಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿದೆವು. ಎರಡು ತಿಂಗಳ ಹೊತ್ತಿಗೆ ಬಿಪಿ 136/80, ಬರೀ ಹೊಟ್ಟೆಯ ಸಕ್ಕರೆ 140ರ ಹತ್ತಿರ ನಿಂತಿತು. ಮೊದಲಿಗಿಂತ ಕಡಿಮೆ ಮಾತ್ರೆಯಲ್ಲಿ.

ನಿಮ್ಮ ಅಜ್ಜಿಗೆ ಈ ಪ್ರಮಾಣಗಳನ್ನು ಹಾಕಬೇಡಿ, ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಆಶಾ ಕೂಡ ಪ್ರಮಾಣ ಬದಲಿಸುವವರಲ್ಲ. ಅವರು ಎಣಿಸಬಹುದು, ಕಲಿಸಬಹುದು, ನೋಡಿದ್ದನ್ನು ವೈದ್ಯರಿಗೆ ತಿಳಿಸಬಹುದು. ಆ ಎಣಿಕೆ ವೈದ್ಯರಿಗೆ ತಲುಪಿದ ಮೇಲೇ ಡಬ್ಬಿ ತುಂಬಬೇಕು, ನಾನು ಶುರುವಿನಲ್ಲಿ ಹೇಳಿದ ಕೆಲಸ ಇದೇ. ವೈದ್ಯರಿಗೆ ಎರಡು ಮಾತು ಸಾಕು: "ಇಲ್ಲಿವರೆಗೆ ಇಷ್ಟೇ ನುಂಗುತ್ತಿದ್ದರು. ಇವತ್ತಿಂದ ಪೂರ್ತಿ ನುಂಗುತ್ತಾರೆ. ಪ್ರಮಾಣ ಇದೇ ಇರಲಾ?" ಡಬ್ಬಿ ಶುರು ಮಾಡಿದ ಮೊದಲ ಎರಡು ವಾರ ಯಾರಾದರೂ ದಿನಾ ಒಮ್ಮೆ ಅಜ್ಜಿಯ ಮುಖ ನೋಡುವಂತಿರಲಿ. ತಲೆ ತಿರುಗುವುದು, ಬೆವರು, ನಡುಕ, ಇದ್ದಕ್ಕಿದ್ದಂತೆ ಮಂಕಾಗುವುದು ಕಂಡರೆ ವಯಸ್ಸಿನ ಮೇಲೆ ಹಾಕಬೇಡಿ.

ಎಲ್ಲ ಮಾತ್ರೆಯೂ ಡಬ್ಬಿಗೆ ಹೋಗುವಂಥದ್ದಲ್ಲ. ನಿಮ್ಮ ಅಜ್ಜಿಯ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಆಗಿದ್ದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ನುಂಗುವ ಹೊತ್ತಿಗೇ ಅದು ಪ್ಯಾಕ್ ಆಗಿ ಬರುವ ಪಟ್ಟಿಯಿಂದ ತೆಗೆಯಬೇಕು. ಹಾಗಂತ ಪಟ್ಟಿಯನ್ನು ಕತ್ತರಿಯಲ್ಲಿ ಚೂರು ಚೂರು ಮಾಡಿ ಕುಳಿಗೆ ಹಾಕಬೇಡಿ. ಕಣ್ಣು ಮಂಜಾದವರು ಕವಚದ ಸಮೇತ ನುಂಗಿ ಗಂಟಲು ಕೊಯ್ದುಕೊಂಡದ್ದುಂಟು. ಪೂರ್ತಿ ಪಟ್ಟಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಬೆಳಗಿನ ಡಬ್ಬಿಗೇ ಕಟ್ಟಿಡಿ. ವಾರಕ್ಕೊಮ್ಮೆ ಮಾತ್ರ ತಗೊಳ್ಳುವ ಮಾತ್ರೆ ಇದ್ದರೆ, ಮುಖ್ಯವಾಗಿ ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಅದನ್ನು ಅಜ್ಜಿಯ ಕೈಗೇ ಕೊಡಬೇಡಿ. ತಪ್ಪಿ ಏಳು ಕುಳಿಗೂ ಬಿದ್ದರೆ ಪ್ರಾಣಕ್ಕೆ ಬರುತ್ತದೆ. ಇನ್ನು ಬೇರೆ ಕಡೆಯಿಂದ ತಂದ ಮಾತ್ರೆ ಬಣ್ಣ ಬೇರೆಯಿದ್ದರೂ ಒಳಗಿನ ಔಷಧಿ ಒಂದೇ ಆಗಿರಬಹುದು. ಹಳೆಯದೂ ಹೊಸದೂ ಎರಡೂ ಕುಳಿಗೆ ಬೀಳದಂತೆ, ಹೊಸ ಪಟ್ಟಿ ಬಂದ ದಿನ ಹಳೆಯದನ್ನು ಮನೆಯಿಂದ ತೆಗೆಸಿಬಿಡಿ.

ಇನ್ನು ಆಶಾ ವಿಷಯ. ಅವರಿಗೆ ಗರ್ಭಿಣಿಯರು, ಬಾಣಂತಿಯರು, ಲಸಿಕೆ, ಸರ್ವೆ ಅಂತ ಕೆಲಸದ ಪಟ್ಟಿ ಉದ್ದವಿದೆ. ವಾರಾವಾರ ಬಂದು ಡಬ್ಬಿ ತುಂಬಿಕೊಡಿ ಅಂತ ವರ್ಷಗಟ್ಟಲೆ ಕೇಳುವುದು ನ್ಯಾಯ ಅಲ್ಲ. ಮೊದಲು ಎಣಿಸಲು, ಆಮೇಲೆ ನಾಲ್ಕು ಸಂತೆ ದಿನ ಪಕ್ಕದಲ್ಲಿ ಕೂತು ನೋಡಲು ಕೇಳಿ. ನಮ್ಮ ಅಜ್ಜಿಗೆ ಅಷ್ಟು ಸಾಕಾಯಿತು. ಐದನೇ ವಾರದಿಂದ ಎಂಟನೇ ಕ್ಲಾಸಿನ ಪಕ್ಕದ ಮನೆ ಹುಡುಗಿ ಗುರುವಾರ ಸ್ಕೂಲಿಗೆ ಹೋಗುವ ಮುಂಚೆ ಬಂದು, ಅಜ್ಜಿ ತುಂಬಿದ್ದನ್ನು ಒಂದೊಂದೇ ಕುಳಿ ಎಣಿಸಿ ಮುಚ್ಚಳ ಮುಚ್ಚುತ್ತಿದ್ದಳು. ತುಂಬುವುದು ಮಾತ್ರ ಯಾವತ್ತೂ ಅಜ್ಜಿಯೇ. ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯುವಾಗ ಅವರು ಬಾಯಲ್ಲಿ "ಮುದ್ದೆ... ಸಾರು..." ಅಂತ ಲೆಕ್ಕ ಹಾಕುತ್ತಿದ್ದರಂತೆ.

ಕುಳಿ ಖಾಲಿಯಾಗಿದ್ದರೆ ಮಾತ್ರೆ ಹೊಟ್ಟೆಗೇ ಹೋಗಿದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮೊಮ್ಮಗ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಬಚ್ಚಲಿಗೆ ಹಾಕುವವರೂ ಇದ್ದಾರೆ. ತಿಂಗಳಿಗೊಮ್ಮೆ ಬಿಪಿ, ಸಕ್ಕರೆಯ ಲೆಕ್ಕ ಡಬ್ಬಿಯ ಲೆಕ್ಕಕ್ಕೆ ಹೊಂದುತ್ತಾ ಅಂತ ನೋಡಿ.

ಮುಂದಿನ ಸಲ ಊರಿಗೆ ಹೋದಾಗ ಮೂಲೆಯಲ್ಲಿರುವ ಡಬ್ಬಿಯನ್ನು ಒಂದು ದಿನ ಅಲ್ಲೇ ಬಿಡಿ. ಚಾಪೆ ಹಾಸಿ, ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತರಲು ಹೇಳಿ, ಎಲೆಅಡಿಕೆ ಚೀಲವನ್ನೂ ಸೇರಿಸಿ. ಎಣಿಸಿ ಬರೆದುಕೊಳ್ಳಿ. ಆಮೇಲೆ ತಾತ ಇದ್ದಾಗ ಮಾತ್ರೆ ಯಾರು ಕೊಡುತ್ತಿದ್ದರು, ಯಾವ ವಾರ ಒಪ್ಪತ್ತು, ಸಂತೆ ಯಾವತ್ತು ಅಂತ ಕೇಳಿ.